ಗೋಲು ತಿಂದ ಮೇಲಿನ ಎರಡು ನಿಮಿಷ

ಪ್ರಶ್ನೆ: ಸರ್, ನಾನು ಪಿಎಸ್5ನಲ್ಲಿ ಇಎ ಸ್ಪೋರ್ಟ್ಸ್ ಎಫ್‌ಸಿ ಫುಟ್‌ಬಾಲ್ ಗೇಮ್ ಆಡ್ತೀನಿ. ಅದರ ಆನ್‌ಲೈನ್ ಲೀಗ್ ಡಿವಿಷನ್ ರೈವಲ್ಸ್‌ನಲ್ಲಿ ಕಷ್ಟಪಟ್ಟು ಡಿವಿಷನ್ 4ಕ್ಕೆ ಬಂದಿದ್ದೆ. ಕಳೆದ ವಾರ ಸಾಲಾಗಿ 9 ಮ್ಯಾಚ್ ಸೋತೆ. ಒಂದು ಗೋಲು ಬಿದ್ರೆ ಸಾಕು, ಕೈ ಬಿಸಿಯಾಗುತ್ತೆ, ಎರಡು ಮೂರು ಹಾಗೇ ಬಿದ್ದುಬಿಡುತ್ತೆ. ಮೊನ್ನೆ ಕಂಟ್ರೋಲರ್ ಸೋಫಾ ಮೇಲೆ ಎಸೆದೆ, ಮಗಳು ಹೆದರಿ ಎದ್ದು ಹೋದಳು. ನಾಚಿಕೆ ಆಯ್ತು. ಗೇಮೇ ನಮ್ಮನ್ನ ಸೋಲಿಸುತ್ತೆ ಅಂತಾರಲ್ಲ, ನಿಜಾನಾ? ಫಾರ್ಮೇಷನ್ ಬದಲಿಸ್ಲಾ? ದುಡ್ಡು ಹಾಕಿ ಒಳ್ಳೆ ಪ್ಲೇಯರ್ಸ್ ತಗೊಳ್ಲಾ?

ಉತ್ತರ: ದುಡ್ಡು ಹಾಕಬೇಡಿ. ಫಾರ್ಮೇಷನ್ನೂ ಸದ್ಯಕ್ಕೆ ಹಾಗೇ ಇರಲಿ. ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ: "ಒಂದು ಗೋಲು ಬಿದ್ರೆ ಸಾಕು, ಎರಡು ಮೂರು ಹಾಗೇ ಬೀಳುತ್ತೆ." ನನ್ನ ಉತ್ತರ ಪೂರ್ತಿ ಆ ಒಂದು ಸಾಲಿನ ಬಗ್ಗೆಯೇ.

ಮೊದಲು ಗೇಮೇ ಸೋಲಿಸುತ್ತದೆ ಅನ್ನುವ ಮಾತು ಮುಗಿಸಿಬಿಡೋಣ. ಅದು ತಲೆಯಲ್ಲಿ ಕೂತಿರುವ ತನಕ ಬೇರೆ ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ. 2020ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಆಟಗಾರರು ಇದೇ ಅನುಮಾನದ ಮೇಲೆ ಈ ಗೇಮ್ ಮಾಡುವ ಇಎ ಕಂಪನಿ ವಿರುದ್ಧ ಕೇಸು ಹಾಕಿದ್ದರು. ಆಟದ ನಡುವೆ ಕಷ್ಟದ ಮಟ್ಟವನ್ನು ಗುಟ್ಟಾಗಿ ಏರಿಸಿ ಇಳಿಸುತ್ತಾರೆ, ಅದರಿಂದ ಜನ ಹೊಸ ಪ್ಲೇಯರ್ಸ್ ಸಿಗುವ ಪ್ಯಾಕ್ ಜಾಸ್ತಿ ಕೊಳ್ಳುತ್ತಾರೆ ಅನ್ನುವುದು ಆರೋಪ. ಕೆಲವೇ ತಿಂಗಳಲ್ಲಿ, 2021ರಲ್ಲಿ, ಅವರೇ ಕೇಸು ವಾಪಸ್ ತೆಗೆದುಕೊಂಡರು. ತಾಂತ್ರಿಕ ವಿವರ ಕೊಟ್ಟೆವು, ನಮ್ಮ ಎಂಜಿನಿಯರ್‌ಗಳ ಜೊತೆ ಮಾತಾಡಲು ಬಿಟ್ಟೆವು, ಆಮೇಲೆ ವಾಪಸ್ ತೆಗೆದುಕೊಂಡರು ಎಂದು ಇಎ ಹೇಳಿತು. ಆನ್‌ಲೈನ್ ಮ್ಯಾಚ್‌ಗಳಲ್ಲಿ ಅಂಥದ್ದು ಇಲ್ಲ ಅನ್ನುವುದು ಅವರ ಮಾತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅದಕ್ಕಿಂತ ಸುಲಭದ ಒಂದು ಲೆಕ್ಕ ಇದೆ.

ನಿಮ್ಮಷ್ಟೇ ಚೆನ್ನಾಗಿ ಆಡುವವರ ಜೊತೆ ನೀವು 100 ಮ್ಯಾಚ್ ಆಡುತ್ತೀರಿ ಅಂದುಕೊಳ್ಳಿ. ಡ್ರಾ ಇಲ್ಲ, ಪ್ರತಿ ಮ್ಯಾಚೂ ನಾಣ್ಯ ಚಿಮ್ಮಿದ ಹಾಗೆ. ಆ ನೂರರಲ್ಲಿ ಎಲ್ಲೋ ಒಂದು ಕಡೆ 5 ಸೋಲು ಸಾಲಾಗಿ ಬರುವ ಸಾಧ್ಯತೆ ಎಷ್ಟು ಗೊತ್ತಾ? ನೂರಕ್ಕೆ 81. ಯಾರ ಕೈವಾಡವೂ ಬೇಡ, ಬರೀ ನಾಣ್ಯ ಸಾಕು. ಸಾಲಾಗಿ 7 ಸೋಲಿಗೆ ಅದು ನೂರಕ್ಕೆ 32. ಸಾಲಾಗಿ 9ಕ್ಕೆ ಬಂದರೆ ನೂರಕ್ಕೆ 9ರ ಆಸುಪಾಸು. ಅಂದರೆ ನಿಮ್ಮ ಸೋಲುಗಳಲ್ಲಿ ನಾಲ್ಕೈದು ಸುಮ್ನೆ ಬಂದಿರಬಹುದು. ಉಳಿದವಕ್ಕೆ ಬೇರೆ ಕಾರಣ ಹುಡುಕಬೇಕು. ಆ ಕಾರಣ ಸಾಮಾನ್ಯವಾಗಿ ಮೊದಲ ನಾಲ್ಕೈದು ಸೋಲಿನಿಂದಲೇ ಹುಟ್ಟಿರುತ್ತದೆ.

ನನಗೆ ಇದು ಗೊತ್ತಾಗಿದ್ದು ಆನ್‌ಲೈನ್ ಆಡಿ ಅಲ್ಲ, ಅಂಗಡಿಯಲ್ಲಿ ಕೂತು. ದಾವಣಗೆರೆಯಲ್ಲಿ ಒಂದು ಕಾಲೇಜಿನ ಹತ್ತಿರ ಕೆಲವು ವರ್ಷ ಗೇಮಿಂಗ್ ಪಾರ್ಲರ್ ನಡೆಸಿದೆ. ಎರಡು ಟಿವಿ, ಎರಡು ಪಿಎಸ್4, ನಾಲ್ಕು ಕಂಟ್ರೋಲರ್, ಅದರಲ್ಲಿ ಒಂದರ ಸ್ಟಿಕ್ ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತು. ಹುಡುಗರ ಒಂದು ಕಟ್ಟಳೆ ಇತ್ತು: ಸೋತವನು ಎದ್ದೇಳಬೇಕು. ಗೆದ್ದವನು ಕೂತಿರುತ್ತಾನೆ, ಸೋತವನು ಕಂಟ್ರೋಲರ್ ಮುಂದಿನವನ ಕೈಗೆ ಕೊಟ್ಟು ಹೊರಗೆ ಹೋಗಿ ಚಾ ಕುಡಿದು ಬರುತ್ತಾನೆ. ಮತ್ತೆ ಅವನ ಸರದಿ ಬರುವಷ್ಟರಲ್ಲಿ ಅರ್ಧ ಗಂಟೆ. ಅಷ್ಟು ವರ್ಷದಲ್ಲಿ ಒಂದು ಕಂಟ್ರೋಲರೂ ಗೋಡೆಗೆ ಬಡಿಯಲಿಲ್ಲ. ಅವರೇನು ಸಾಧುಗಳಲ್ಲ, ಬೈಗುಳ ಕೇಳಬೇಕಿತ್ತು ನೀವು. ಸೋಲಿಗೂ ಮುಂದಿನ ಆಟಕ್ಕೂ ನಡುವೆ ಒಂದು ಚಾ ಇರುತ್ತಿತ್ತು, ಅಷ್ಟೇ. ಮನೆಯಲ್ಲಿ ಆಡುವಾಗ ಆ ಚಾ ಇಲ್ಲ. ಸೋತ ಅರ್ಧ ನಿಮಿಷದಲ್ಲಿ ಹೊಸ ಎದುರಾಳಿ ಸಿಗುತ್ತಾನೆ. ಹಿಂದಿನ ಮ್ಯಾಚಿನ ಬಿಸಿ ಬೆರಳಲ್ಲೇ ಇರುತ್ತದೆ.

ಅಂಗಡಿ ಮುಚ್ಚಿದ ಮೇಲೆ ನಾನೂ ಮನೆಯಲ್ಲಿ ರೈವಲ್ಸ್ ಹಿಡಿದೆ, ನಾನೂ ಸಾಲಾಗಿ ಸೋತೆ. ಐದು ಮ್ಯಾಚ್: 1-3, 2-4, 0-3, 2-5, 1-4. ಒಟ್ಟು 19 ಗೋಲು ತಿಂದಿದ್ದೆ. ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿ ಗೋಲಿನ ನಿಮಿಷ ಬರೆದುಕೊಂಡೆ. 19ರಲ್ಲಿ 9 ಗೋಲು, ಅದರ ಹಿಂದಿನ ಗೋಲು ತಿಂದ 15 ನಿಮಿಷದೊಳಗೆ ಬಿದ್ದಿದ್ದವು. ಇನ್ನೂ 3 ಗೋಲು ನಾನು ಗೋಲು ಹೊಡೆದ ಬೆನ್ನಿಗೇ ಬಿದ್ದಿದ್ದವು. ಆಟದ 15 ನಿಮಿಷ ಅಂದರೆ ಗಡಿಯಾರದಲ್ಲಿ ಎಷ್ಟು? ರೈವಲ್ಸ್‌ನಲ್ಲಿ ಒಂದು ಅರ್ಧ 6 ನಿಮಿಷ. 90 ನಿಮಿಷದ ಆಟ ನಿಜಕ್ಕೆ 12 ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ಪರದೆಯ ಮೇಲಿನ 15 ನಿಮಿಷ ನಿಮ್ಮ ಕೈಯಲ್ಲಿ ಬರೀ 2 ನಿಮಿಷ.

ಬಹಳ ಗೋಲು ಬೀಳುವ ಮ್ಯಾಚಿನಲ್ಲಿ ಗೋಲುಗಳು ಹತ್ತಿರ ಹತ್ತಿರ ಬೀಳುವುದು ಸ್ವಲ್ಪ ಸಹಜವೇ. ಎಣಿಕೆ ನೋಡಿ ನಾನು ಬೆಚ್ಚಲಿಲ್ಲ. ಬೆಚ್ಚಿದ್ದು ಆ 9 ಗೋಲುಗಳ ವಿಡಿಯೋ ನೋಡಿದಾಗ. ಅವುಗಳಲ್ಲಿ 6 ಒಂದೇ ತರದ ಗೋಲು. ಎದುರಾಳಿಗಳು ಬೇರೆ ಬೇರೆ, ತಪ್ಪು ಒಂದೇ.

ಒಂದನ್ನು ಬಿಡಿಸಿ ಹೇಳುತ್ತೇನೆ. ಮೂರನೇ ಮ್ಯಾಚ್, 51ನೇ ನಿಮಿಷಕ್ಕೆ ಮೊದಲ ಗೋಲು ತಿಂದಿದ್ದೆ. 58ನೇ ನಿಮಿಷ. ಎದುರಾಳಿಯ ರೈಟ್ ವಿಂಗರ್ ಹತ್ತಿರ ಚೆಂಡು ಇದೆ, ಇನ್ನೂ ನನ್ನ ಪೆನಾಲ್ಟಿ ಬಾಕ್ಸಿಂದ ಸಾಕಷ್ಟು ದೂರ. ನನ್ನ ಒಬ್ಬ ಸಿಡಿಎಂ, ಅಂದರೆ ಡಿಫೆನ್ಸ್ ಮುಂದೆ ನಿಲ್ಲುವ ಮಿಡ್‌ಫೀಲ್ಡರ್, ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಾನೆ. ನಾನು L1 ಒತ್ತಿದೆ. ಬಾಣದ ಗುರುತು ಸಿಡಿಎಂ ಮೇಲೆ ಬಂತು. ಸಾಕಾಗಲಿಲ್ಲ ನನಗೆ, ಮತ್ತೆ ಒತ್ತಿದೆ. ಈಗ ಎಡಗಡೆಯ ಸೆಂಟರ್ ಬ್ಯಾಕ್ ಮೇಲೆ ಬಂತು. R2 ಹಿಡಿದು ಅವನನ್ನು ನೇರ ವಿಂಗರ್ ಕಡೆ ಓಡಿಸಿದೆ, ಬಾಗಿಲು ತೆರೆದಿಟ್ಟು ಕಳ್ಳನ ಹಿಂದೆ ಬೀದಿಗೆ ಓಡಿದ ಹಾಗೆ. ಸೆಂಟರ್ ಬ್ಯಾಕ್ ಬಿಟ್ಟ ಜಾಗಕ್ಕೆ ಅವರ ಸ್ಟ್ರೈಕರ್ ಓಡಿದ. ವಿಂಗರ್ ಟ್ರಯಾಂಗಲ್ ಒತ್ತಿ ಒಂದು ಥ್ರೂ ಬಾಲ್ ಹಾಕಿದ. ಕೀಪರ್ ಒಬ್ಬನೇ. 0-2. L1 ಎರಡನೇ ಸಲ ಒತ್ತಿದ ಕ್ಷಣದಿಂದ ಚೆಂಡು ಬಲೆಗೆ ಬೀಳುವ ತನಕ ನಾಲ್ಕು ಸೆಕೆಂಡು ಕೂಡ ಆಗಿರಲಿಲ್ಲ.

ಮೊದಲ ಗೋಲು ತಿನ್ನುವ ಮುಂಚೆ ಅದೇ ಮ್ಯಾಚಿನಲ್ಲಿ ಅದೇ ವಿಂಗರ್ ಅದೇ ಜಾಗಕ್ಕೆ ಮೂರು ಸಲ ಬಂದಿದ್ದ. ಮೂರು ಸಲವೂ ನಾನು ಸಿಡಿಎಂ ಹಿಡಿದು ಸುಮ್ಮನೆ ಎದುರು ನಿಂತಿದ್ದೆ, ಅವನು ಚೆಂಡನ್ನು ಹಿಂದಕ್ಕೆ ಕೊಟ್ಟಿದ್ದ. ಅಂದರೆ ನನಗೆ ಆಡಲು ಬರುವುದಿಲ್ಲ ಅಂತಲ್ಲ. ಗೋಲು ತಿಂದ ಮೇಲೆ ಚೆಂಡು ಈಗಲೇ ವಾಪಸ್ ಬೇಕು ಅನಿಸುತ್ತದೆ. ಆ ಆತುರ ಮನಸ್ಸಿಗಿಂತ ಮುಂಚೆ ಎರಡು ಬೆರಳಲ್ಲಿ ಕಾಣುತ್ತದೆ. ಎಡಗೈ ತೋರುಬೆರಳು L1 ಬಡಿಯುತ್ತದೆ. ಬಲಗೈ ಬೆರಳು R2 ಬಿಡುವುದೇ ಇಲ್ಲ. ಪಾರ್ಲರ್‌ನಲ್ಲಿ ಸ್ಕೋರ್ ನೋಡದೆಯೇ, ಬರೀ ಹುಡುಗರ ಕೈ ನೋಡಿ ಯಾರು ಹಿಂದಿದ್ದಾರೆ ಅಂತ ಹೇಳಬಹುದಿತ್ತು.

ಹಾಗಾಗಿ "ಶಾಂತವಾಗಿರಿ" ಅಂತ ನಾನು ನಿಮಗೆ ಹೇಳುವುದಿಲ್ಲ. ಹೇಳಿ ಪ್ರಯೋಜನ ಇಲ್ಲ. ಸಿಟ್ಟು ಬರಲಿ ಬಿಡಿ. ಸಿಟ್ಟು ಬಂದಾಗಲೂ ಈ ಎರಡು ಬೆರಳು ಏನು ಮಾಡಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಗೋಲು ಬಿದ್ದ ಕೂಡಲೇ ರಿಪ್ಲೇ ಬರುತ್ತದೆ, ಎದುರಾಳಿ ಕುಣಿಯುತ್ತಾನೆ. ಬಹಳ ಜನ ಆಗ ಎಕ್ಸ್ ಬಟನ್ ಬಡಿಯುತ್ತಾರೆ, ಬೇಗ ಮುಗಿಯಲಿ ಅಂತ. ಅದನ್ನು ಬಿಟ್ಟುಬಿಡಿ. ಕಂಟ್ರೋಲರ್ ತೊಡೆಯ ಮೇಲೆ ಇಡಿ, ಎರಡೂ ಕೈ ಅದರಿಂದ ತೆಗೆಯಿರಿ. ಒಂದು ಸಲ ನಿಧಾನಕ್ಕೆ ಉಸಿರು ಹೊರಗೆ ಬಿಡಿ, ಅಷ್ಟೇ. ರಿಪ್ಲೇಯಲ್ಲಿ ಗೋಲು ಹೊಡೆದವನನ್ನು ನೋಡಬೇಡಿ, ಅವನು ನಿಂತಿದ್ದ ಜಾಗದಲ್ಲಿ ನಿಮ್ಮವನು ಯಾರು ಇರಬೇಕಿತ್ತು ಅಂತ ನೋಡಿ. "ಎಡ ಸೆಂಟರ್ ಬ್ಯಾಕ್ ಇರಲಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಹುಚ್ಚು ಅನಿಸಬಹುದು. ಆದರೆ ಅವನ ಅದೃಷ್ಟ, ನನ್ನ ಕರ್ಮ ಅನ್ನುತ್ತಾ ಕೂರುವ ಬದಲು ತಲೆಗೆ ಒಂದು ಕೆಲಸ ಸಿಗುತ್ತದೆ. ಎದುರಾಳಿ ಬೇಕಂತಲೇ ರಿಪ್ಲೇ ಪೂರ್ತಿ ತೋರಿಸಿ ಉರಿಸುತ್ತಾನೆ ಅಂತ ಹಲವರು ಗೊಣಗುತ್ತಾರೆ. ತೋರಿಸಲಿ. ಬಿಟ್ಟಿ ಪಾಠ.

ಆಮೇಲೆ ಕಿಕ್ ಆಫ್ ನಿಮ್ಮದು. ಇಲ್ಲಿ ಎರಡನೇ ತಪ್ಪು ಕಾದಿರುತ್ತದೆ. ನನ್ನ 9 ಗೋಲುಗಳಲ್ಲಿ 2 ಹೀಗೆ ಬಿದ್ದವು: ಕಿಕ್ ಆಫ್ ಆದ ತಕ್ಷಣ ಸ್ಟ್ರೈಕರ್ ಹಿಡಿದು ಮೂರು ಜನರ ಮಧ್ಯೆ ನುಗ್ಗಿದೆ, ಚೆಂಡು ಹೋಯಿತು, ನನ್ನ ಅರ್ಧ ತಂಡ ಇನ್ನೂ ಮುಂದೆಯೇ ನಿಂತಿತ್ತು. ಇದರ ಬದಲು ಕಿಕ್ ಆಫಿಂದ ಚೆಂಡನ್ನು ಹಿಂದಕ್ಕೆ ಸಿಡಿಎಂಗೆ ಕೊಡಿ, ಅಲ್ಲಿಂದ ಸೆಂಟರ್ ಬ್ಯಾಕ್, ಅಲ್ಲಿಂದ ಒಂದು ಬದಿಯ ಫುಲ್ ಬ್ಯಾಕ್, ಮತ್ತೆ ವಾಪಸ್, ಇನ್ನೊಂದು ಬದಿಗೆ. ಎಂಟು ಪಾಸ್ ಎಣಿಸಿ. ಎಣಿಸುವಾಗ R2 ಮುಟ್ಟಬೇಡಿ. ಗೋಲು ಹೊಡೆದ ಖುಷಿಯಲ್ಲಿ ಎದುರಾಳಿ ಎಲ್ಲರನ್ನೂ ಮುಂದೆ ಓಡಿಸಿಕೊಂಡು ಬರುತ್ತಾನೆ, ಇದು ಅವರ ದೌರ್ಬಲ್ಯ. ಒಂದು ಬದಿಗೆ ಜನ ತುಂಬಿದಾಗ ಇನ್ನೊಂದು ಬದಿಯ ಫುಲ್ ಬ್ಯಾಕ್ ಖಾಲಿ ಇರುತ್ತಾನೆ. ಎಂಟು ಪಾಸ್ ಮುಗಿಯುವಷ್ಟರಲ್ಲಿ ನಿಮಗೆ ಅವನು ಕಾಣಿಸುತ್ತಾನೆ. ನಿಮ್ಮ ತಂಡದವರೂ ಅವರವರ ಜಾಗಕ್ಕೆ ಬಂದಿರುತ್ತಾರೆ.

ಇದಕ್ಕೂ ಮಿತಿ ಇದೆ. 85ನೇ ನಿಮಿಷದಲ್ಲಿ ಒಂದು ಗೋಲು ಹಿಂದಿದ್ದರೆ ಎಂಟು ಪಾಸ್ ಆಡಲು ಸಮಯ ಇಲ್ಲ. ಆಗ ಮೂರು ಪಾಸ್ ಸಾಕು, ಆದರೆ ಆ ಮೂರು ಬೇಕೇ ಬೇಕು.

ಚೆಂಡು ಎದುರಾಳಿಯ ಹತ್ತಿರ ಇದ್ದಾಗ ಆ ಎರಡು ನಿಮಿಷಕ್ಕೆ ಒಂದೇ ನಿಯಮ: ಚೆಂಡು ನಿಮ್ಮ ಪೆನಾಲ್ಟಿ ಬಾಕ್ಸ್ ಒಳಗೆ ಬರುವ ತನಕ ಸೆಂಟರ್ ಬ್ಯಾಕ್ ನಿಮ್ಮ ಕೈಗೆ ಬರಬಾರದು. ಅವನನ್ನು ಕಂಪ್ಯೂಟರ್ ನೋಡಿಕೊಳ್ಳಲಿ. ಜಾಗ ಕಾಯುವ ಕೆಲಸ ಅದಕ್ಕೆ ನಮಗಿಂತ ಚೆನ್ನಾಗಿ ಬರುತ್ತದೆ. ನೀವು ಸಿಡಿಎಂ ಹಿಡಿಯಿರಿ. L2 ಹಿಡಿದರೆ ಆಟಗಾರ ಮೊಣಕಾಲು ಬಗ್ಗಿಸಿ ಚೆಂಡಿಗೆ ಮುಖ ಮಾಡಿ ಸರಿಯುತ್ತಾನೆ, ಅದಕ್ಕೆ ಜಾಕಿ ಅನ್ನುತ್ತಾರೆ. ಹಾಗೆ ಸರಿಯುತ್ತಾ ಚೆಂಡು ಇರುವವನ ಮೇಲೆ ಬೀಳಬೇಡಿ. ಅವನಿಗೂ ಅವನ ಸ್ಟ್ರೈಕರ್‌ಗೂ ನಡುವಿನ ಗೆರೆಯ ಮೇಲೆ ನಿಲ್ಲಿ. ಟ್ಯಾಕಲ್ ಮಾಡಬೇಕು ಅನಿಸುತ್ತದೆ, ಮಾಡಬೇಡಿ. ಎದುರಾಳಿಯ ಕಾಲಿಂದ ಚೆಂಡು ಒಂದು ಹೆಜ್ಜೆ ದೂರ ಉರುಳಿದಾಗ ಮಾತ್ರ ಸರ್ಕಲ್ ಒತ್ತಿ. ಸ್ಕ್ವೇರ್ ಒತ್ತಿ ಜಾರುವ ಟ್ಯಾಕಲ್ ಅಂತೂ ಆ ಎರಡು ನಿಮಿಷ ಮರೆತೇಬಿಡಿ.

R1 ಬಗ್ಗೆಯೂ ಒಂದು ಮಾತು. ಅದನ್ನು ಒತ್ತಿ ಹಿಡಿದರೆ ಇನ್ನೊಬ್ಬ ಆಟಗಾರ ತಾನಾಗಿಯೇ ಚೆಂಡಿನ ಮೇಲೆ ಬೀಳುತ್ತಾನೆ. ಪುಕ್ಕಟೆ ಸಹಾಯದ ಹಾಗೆ ಕಾಣುತ್ತದೆ. ಆದರೆ ಆ ಇನ್ನೊಬ್ಬನೂ ತನ್ನ ಜಾಗ ಬಿಟ್ಟೇ ಬರುತ್ತಾನೆ, ಮತ್ತು ಯಾರು ಬರುತ್ತಾನೆ ಅನ್ನುವುದು ಯಾವಾಗಲೂ ನಿಮ್ಮ ಇಷ್ಟದಂತೆ ಆಗುವುದಿಲ್ಲ. ಸೋಲುವ ಹೊತ್ತಲ್ಲಿ R1 ಬಿಡದೆ ಹಿಡಿದವರ ಡಿಫೆನ್ಸ್ 70ನೇ ನಿಮಿಷಕ್ಕೆ ಜರಡಿ ಆಗಿರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಸ್ವಿಚಿಂಗ್ ಅಂತ ಇದೆ. ಅದು ಪೂರ್ತಿ ಆಟೋ ಇದ್ದರೆ ನೀವು ಸಿಡಿಎಂ ಹಿಡಿದಿದ್ದಾಗ ಗೇಮ್ ತಾನೇ ಇನ್ನೊಬ್ಬನ ಮೇಲೆ ನಿಮ್ಮನ್ನು ಕೂರಿಸುತ್ತದೆ, ನೀವು ಮುಂದಕ್ಕೆ ಒತ್ತಿದ ಸ್ಟಿಕ್ ಸೆಂಟರ್ ಬ್ಯಾಕನ್ನು ಹೊರಗೆ ಎಳೆಯುತ್ತದೆ. ಅದನ್ನು ಎತ್ತರದ ಚೆಂಡುಗಳಿಗೆ ಮಾತ್ರ ಅನ್ನುವ ಆಯ್ಕೆಗೆ ಇಳಿಸಿ. ಮೊದಲ ಎರಡು ದಿನ ಕೈ ತಡವರಿಸುತ್ತದೆ. ಯಾರನ್ನು ಹಿಡಿಯಬೇಕು ಅಂತ ಆರಿಸಲು L1ಗಿಂತ ಬಲಗಡೆಯ ಸ್ಟಿಕ್ ಒಳ್ಳೆಯದು. ಯಾವ ಕಡೆ ತಳ್ಳುತ್ತೀರೋ ಆ ಕಡೆಯವನು ಸಿಗುತ್ತಾನೆ, ಲಾಟರಿ ಇಲ್ಲ.

ಫಾರ್ಮೇಷನ್ ಕೇಳಿದಿರಿ. ಇಬ್ಬರು ಸಿಡಿಎಂ ಇರುವ 4-2-3-1 ಆಡುತ್ತಿದ್ದರೆ ಮೇಲಿನ ಅಭ್ಯಾಸ ಸುಲಭ, ಒಬ್ಬನನ್ನು ನೀವು ಓಡಿಸಿದರೆ ಇನ್ನೊಬ್ಬ ಕಾವಲು ಇರುತ್ತಾನೆ. ಒಬ್ಬನಿಗಾದರೂ 'ಹೋಲ್ಡಿಂಗ್' ರೋಲ್ ಕೊಟ್ಟು ಫೋಕಸ್ 'ಡಿಫೆಂಡ್' ಇಡಿ. ಬೇರೆ ಫಾರ್ಮೇಷನ್ ಅಭ್ಯಾಸ ಆಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ಸೋಲುವಾಗ ಹೊಸದು ಕಲಿಯುವ ಹೊತ್ತಲ್ಲ. ಬದಲಿಸಲೇಬಾರದ ಇನ್ನೊಂದು ಇದೆ: ಡಿಫೆನ್ಸಿವ್ ಅಪ್ರೋಚ್. ಗೋಲು ತಿಂದ ಕೂಡಲೇ ಪಾಜ್ ಮೆನುಗೆ ಹೋಗಿ, ಅಂದರೆ ಆಟ ನಿಲ್ಲಿಸಿ, ಅದನ್ನು 'ಅಗ್ರೆಸಿವ್' ಮಾಡುವವರು ಬಹಳ. ಇಡೀ ಡಿಫೆನ್ಸ್ ಮೈದಾನದ ಮಧ್ಯಕ್ಕೆ ಏರುತ್ತದೆ, ಹಿಂದೆ ಎಕರೆಗಟ್ಟಲೆ ಜಾಗ. ನಿಮ್ಮ ಸೆಂಟರ್ ಬ್ಯಾಕ್ ಓಟದಲ್ಲಿ ಅವರ ಸ್ಟ್ರೈಕರ್‌ಗಿಂತ ಹಿಂದೆ ಬಿದ್ದರೆ ಮೂರನೇ ಗೋಲು ಅಲ್ಲೇ ಬರೆದಿಟ್ಟಂತೆ. 80ನೇ ನಿಮಿಷದ ತನಕ 'ಬ್ಯಾಲೆನ್ಸ್ಡ್' ಬಿಡಬೇಡಿ.

ಹೊಸ ಪ್ಲೇಯರ್ಸ್ ವಿಷಯ ಚುಟುಕಾಗಿ. ಪ್ಯಾಕ್‌ನಲ್ಲಿ ಏನು ಬರುತ್ತದೆ ಅನ್ನುವುದು ಅದೃಷ್ಟ. ಅದಕ್ಕಿಂತ ದೊಡ್ಡ ತೊಂದರೆ, ಹೊಸಬನ ತಿರುಗುವ ವೇಗ, ಪಾಸಿನ ತೂಕ ನಿಮ್ಮ ಬೆರಳಿಗೆ ಹೊಸದು. ನಾಲ್ಕೈದು ಮ್ಯಾಚ್ ಅದರಲ್ಲೇ ಹೋಗುತ್ತದೆ. ಸೆಂಟರ್ ಬ್ಯಾಕನ್ನು ಹೊರಗೆ ಓಡಿಸುವ ಅಭ್ಯಾಸ ಇದ್ದರೆ ಎಷ್ಟು ದುಬಾರಿ ಸೆಂಟರ್ ಬ್ಯಾಕ್ ತಂದರೂ ಅವನೂ ಹೊರಗೇ ಓಡುತ್ತಾನೆ.

ಇನ್ನು ಒಂದು ಮ್ಯಾಚಿಗೂ ಇನ್ನೊಂದಕ್ಕೂ ನಡುವಿನ ಹೊತ್ತು. ಪಾರ್ಲರ್ ಕಟ್ಟಳೆಯನ್ನೇ ಮನೆಗೆ ತನ್ನಿ. ಒಂದು ಸೋಲಿಗೆ ಎದ್ದೇಳಿ, ಕಂಟ್ರೋಲರ್ ಬೇರೆಯವರ ಕೈಗೆ ಕೊಡಿ ಅಥವಾ ಬೇರೆ ಕೋಣೆಯಲ್ಲಿಟ್ಟು ಬನ್ನಿ. ಕಾಲು ಗಂಟೆ, ಅಂದರೆ ಒಂದು ಮ್ಯಾಚಿನ ಹೊತ್ತು, ಪರದೆ ನೋಡಬೇಡಿ. ಅದೇ ದಿನ ಎರಡನೇ ಸೋಲು ಬಂದರೆ ಆ ದಿನಕ್ಕೆ ರೈವಲ್ಸ್ ಮುಗಿಯಿತು. ಮೂರು ಅಂತ ಇಟ್ಟುಕೊಳ್ಳೋಣ ಅನಿಸುತ್ತದೆ. ನಾನೂ ಮೊದಲು ಮೂರೇ ಇಟ್ಟುಕೊಂಡಿದ್ದೆ. ಎರಡು ಸೋತ ಮೇಲೆ ಮೂರನೆಯದನ್ನು ಸೋಲು ಸರಿಮಾಡಲು ಆಡುತ್ತೇವೆ, ಗೆಲ್ಲಲು ಅಲ್ಲ. ಮೂರನೆಯದೂ ಹೋದಾಗ ಈ ನಿಯಮ ಮಾಡಿದವನು ಯಾರು ಅಂತ ನಾಲ್ಕನೆಯದಕ್ಕೆ ಕೂತಿರುತ್ತೇವೆ.

ಬುಧವಾರ ರಾತ್ರಿ ವಿಶೇಷ ಜೋಪಾನ. ರೈವಲ್ಸ್‌ನ ವಾರದ ಬಹುಮಾನದ ಲೆಕ್ಕ ಗುರುವಾರಕ್ಕೆ ಮುಗಿಯುತ್ತದೆ. ಇನ್ನೆರಡು ಗೆಲುವು ಬೇಕು ಅಂತ ಬುಧವಾರ ರಾತ್ರಿ ಹನ್ನೊಂದಕ್ಕೆ, ಆಫೀಸ್ ಮುಗಿಸಿ, ಊಟ ಆದಮೇಲೆ ಕೂರುವವರು ತುಂಬಾ ಜನ. ಕಣ್ಣು ಸುಸ್ತಾಗಿರುತ್ತದೆ, ಗುರಿ ತಲೆ ಮೇಲೆ ಕೂತಿರುತ್ತದೆ. ನಿಮ್ಮ 9ರಲ್ಲಿ ಎಷ್ಟು ಆ ರಾತ್ರಿಯವು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಬಹುಮಾನದ ಒಂದು ಮೆಟ್ಟಿಲು ಕಡಿಮೆ ಸಿಕ್ಕರೆ ಏನೂ ಆಗುವುದಿಲ್ಲ. ಡಿವಿಷನ್ ಇಳಿದರೂ ಅಷ್ಟೇ. ಕೆಳಗಿನ ಡಿವಿಷನ್‌ನಲ್ಲಿ ನಿಮಗೆ ಸಿಗುವವರು ಸ್ವಲ್ಪ ಮೆತ್ತಗಿರುತ್ತಾರೆ, ಹೊಸ ಅಭ್ಯಾಸ ಕೂರಿಸಲು ಅದು ಅನುಕೂಲವೇ.

ಇನ್ನೊಂದು ಸಣ್ಣ ಪರೀಕ್ಷೆ, ತಪ್ಪು ನಿಮ್ಮದಾ ಟಿವಿಯದಾ ತಿಳಿಯಲು. ಟಿವಿಯಲ್ಲಿ ಗೇಮ್ ಮೋಡ್ ಆನ್ ಇದೆಯಾ ನೋಡಿ. ಈ ಗೇಮ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಒಂದು ಚಿತ್ರಕ್ಕೆ 17 ಮಿಲಿಸೆಕೆಂಡು. ಗೇಮ್ ಮೋಡ್ ಇಲ್ಲದ ಟಿವಿ ಚಿತ್ರವನ್ನು ಚೆಂದ ಮಾಡಲು ಹೋಗಿ ಹಲವು ಚಿತ್ರಗಳಷ್ಟು ತಡ ಮಾಡುತ್ತದೆ, ನೀವು ಒತ್ತಿದ ಟ್ಯಾಕಲ್ ಯಾವಾಗಲೂ ಒಂದು ಹೆಜ್ಜೆ ಲೇಟು. ವೈಫೈ ಬದಲು ಕೇಬಲ್ ಹಾಕಿ. ಗುರುತಿಸುವುದು ಹೀಗೆ: ಆಫ್‌ಲೈನ್ ಆಡುವಾಗಲೂ ಪಾಸ್ ತಡ ಅನಿಸಿದರೆ ಟಿವಿ, ಆನ್‌ಲೈನ್‌ನಲ್ಲಿ ಮಾತ್ರ ಮತ್ತು ರಾತ್ರಿ ಹೊತ್ತು ಮಾತ್ರ ಅನಿಸಿದರೆ ನೆಟ್‌ವರ್ಕ್, ಸೋಲುವಾಗ ಮಾತ್ರ ಅನಿಸಿದರೆ ಎರಡೂ ಅಲ್ಲ.

ಈಗ ಅಭ್ಯಾಸ. ಎರಡು ದಿನ ರೈವಲ್ಸ್ ಕಡೆ ತಲೆ ಹಾಕಬೇಡಿ. ಸ್ಕ್ವಾಡ್ ಬ್ಯಾಟಲ್ಸ್‌ನಲ್ಲಿ, ಅಂದರೆ ಕಂಪ್ಯೂಟರ್ ವಿರುದ್ಧ, 'ವರ್ಲ್ಡ್ ಕ್ಲಾಸ್' ಮಟ್ಟದಲ್ಲಿ ದಿನಕ್ಕೆ ಎರಡು ಮ್ಯಾಚ್ ಆಡಿ. ಗೆಲುವು ಸೋಲು ಲೆಕ್ಕಕ್ಕಿಲ್ಲ. ಚೆಂಡು ಬಾಕ್ಸ್ ಹೊರಗಿದ್ದಾಗ ಎಷ್ಟು ಸಲ ಸೆಂಟರ್ ಬ್ಯಾಕ್ ಹಿಡಿದಿರಿ, ಅದನ್ನು ಮಾತ್ರ ಎಣಿಸಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಗೆ ಪೆನ್ಸಿಲ್ ಕೊಡಿ. ನೀವು ಹಿಡಿದಾಗಲೆಲ್ಲ ಒಂದು ಗೆರೆ ಹಾಕಲಿ. ಕಂಟ್ರೋಲರ್ ಎಸೆದದ್ದಕ್ಕೆ ಅದೇ ತಪ್ಪೊಪ್ಪಿಗೆಯೂ ಆಗುತ್ತದೆ. ನನ್ನ ಮೊದಲ ಮ್ಯಾಚಲ್ಲಿ 23 ಗೆರೆ ಬಿದ್ದಿದ್ದವು, ನಾಲ್ಕನೆಯದರಲ್ಲಿ 6. ಒಂದು ಎಚ್ಚರಿಕೆ: ಕಂಪ್ಯೂಟರ್ ಮನುಷ್ಯರ ಹಾಗೆ ದಾಳಿ ಮಾಡುವುದಿಲ್ಲ. ಅದು ಬಾಕ್ಸ್ ಹೊರಗೆ ಪಾಸ್ ಆಡುತ್ತಾ ಕಾಯುತ್ತದೆ, ತಾಳ್ಮೆಗೆಟ್ಟು ನುಗ್ಗುವುದು ಕಡಿಮೆ. ಹಾಗಾಗಿ ಇಲ್ಲಿ ಬೆರಳಿನ ಅಭ್ಯಾಸ ಕೂರುತ್ತದೆ, ಎದುರಾಳಿಯನ್ನು ಓದುವುದು ಬರುವುದಿಲ್ಲ. ಅದಕ್ಕೇ ಎರಡೇ ದಿನ.

ಮೂರನೇ ದಿನ ರೈವಲ್ಸ್‌ಗೆ ಬನ್ನಿ, ಬರುವ ಮುಂಚೆ ಪಿಎಸ್5ನ ಕ್ರಿಯೇಟ್ ಬಟನ್ ಸೆಟ್ಟಿಂಗ್‌ನಲ್ಲಿ ಈಚಿನ ಆಟದ ವಿಡಿಯೋ ಉದ್ದವನ್ನು 30 ನಿಮಿಷಕ್ಕೆ ಇಡಿ. ಮ್ಯಾಚ್ ಮುಗಿದ ಮೇಲೆ ಸೇವ್ ಮಾಡಿ. ಆದರೆ ಅವತ್ತೇ ನೋಡಬೇಡಿ. ಮಾರನೇ ದಿನ, ಬೆಳಗ್ಗೆ ಕಾಫಿ ಜೊತೆ, ತಿಂದ ಗೋಲುಗಳನ್ನು ಮಾತ್ರ ನೋಡಿ. ಪ್ರತಿ ಗೋಲಿನ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ. ಒಂದು ಕಾಗದದಲ್ಲಿ ಮೂರೇ ವಿಷಯ ಬರೆಯಿರಿ: ನಿಮಿಷ, ಹಿಂದಿನ ಗೋಲು ಬಿದ್ದು ಎಷ್ಟು ನಿಮಿಷ ಆಗಿತ್ತು, ಚೆಂಡು ಬಾಕ್ಸಿಗೆ ಬರುವ ಮುಂಚೆ ನಿಮ್ಮ ಕೈಯಲ್ಲಿ ಯಾರಿದ್ದರು. ಐದು ಮ್ಯಾಚ್ ಆಗುವಷ್ಟರಲ್ಲಿ ನಿಮ್ಮದೇ ಒಂದು ಚಿತ್ರ ಮೂಡುತ್ತದೆ. ಅದು ನನ್ನ ಹಾಗೆ ಸೆಂಟರ್ ಬ್ಯಾಕೇ ಆಗಿರಬೇಕಿಲ್ಲ. ನಮ್ಮ ಪಾರ್ಲರ್ ಹುಡುಗನೊಬ್ಬನಿಗೆ ಅದು ಕೀಪರ್. ಹೆದರಿದಾಗೆಲ್ಲ ಟ್ರಯಾಂಗಲ್ ಹಿಡಿದು ಕೀಪರ್‌ನನ್ನು ಮುಂದಕ್ಕೆ ಓಡಿಸಿಬಿಡುತ್ತಿದ್ದ.

ಮ್ಯಾಚ್ ಮುಗಿದಾಗ ಬರುವ ಅಂಕಿಅಂಶಗಳಲ್ಲಿ ಎಕ್ಸ್‌ಜಿ ಅಂತ ಒಂದಿರುತ್ತದೆ. ನೀವು ಹೊಡೆದ ಶಾಟ್‌ಗಳಿಂದ ಸಾಮಾನ್ಯವಾಗಿ ಎಷ್ಟು ಗೋಲು ಬರಬೇಕಿತ್ತು ಅನ್ನುವ ಅಂದಾಜು ಅದು. ಎದುರಾಳಿಯ ಎಕ್ಸ್‌ಜಿ 0.9 ಇದ್ದು ಅವನು 3 ಹೊಡೆದಿದ್ದರೆ ಅವತ್ತು ಅವನ ದಿನ, ಎದ್ದು ಹೋಗಿ. ಅವನ ಎಕ್ಸ್‌ಜಿ 3.2 ಇದ್ದು 3 ಹೊಡೆದಿದ್ದರೆ ಕಾಗದ ತೆಗೆಯಿರಿ. ಒಂದು ಮ್ಯಾಚಿನ ಎಕ್ಸ್‌ಜಿ ನೋಡಿ ಏನೂ ತೀರ್ಮಾನಿಸಬೇಡಿ, ಐದರ ಮೊತ್ತ ನೋಡಿ.

ಮೊದಲ ವಾರ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಬಿಟ್ಟುಬಿಡುತ್ತೀರಿ. ಚೆಂಡು ನಿಮ್ಮ ಹತ್ತಿರ ಇರುವ ಹೊತ್ತು ಕಡಿಮೆಯಾಗುತ್ತದೆ. ಸುಮ್ಮನೆ ನಿಂತು ನೋಡುತ್ತಿದ್ದೇನೆ ಅನಿಸುತ್ತದೆ. ಸಿಡಿಎಂ ಹಿಡಿದು ತೀರಾ ಹಿಂದೆ ಸರಿದಾಗ ಬಾಕ್ಸ್ ಅಂಚಿನಿಂದ ತಿರುವು ಶಾಟ್‌ಗಳು ಬೀಳುತ್ತವೆ. R1 ಜೊತೆ ಸರ್ಕಲ್ ಒತ್ತಿ ಹೊಡೆಯುವ ಅದೇ ಶಾಟ್. ಹಾಗೆ ಎರಡು ಮೂರು ಬಿದ್ದರೆ ಹಳೇ ಆಟಕ್ಕೆ ಓಡಬೇಡಿ. ಎದುರಾಳಿ ಬಾಕ್ಸ್ ಅಂಚಿಗೆ ಬರುವ ಮುಂಚೆಯೇ ಸಿಡಿಎಂ ಅವನಿಂದ ಎರಡು ಹೆಜ್ಜೆಯೊಳಗೆ ಇರಬೇಕು, ಬದಲಿಸಬೇಕಾದ್ದು ಆ ದೂರ ಮಾತ್ರ. ಗೆಲುವುಗಳು ತಕ್ಷಣ ಬರುವುದಿಲ್ಲ. ಮೊದಲು ಬರುವುದು 0-4, 1-5 ನಿಂತು 1-2, 2-3 ಆಗುವುದು. ನನ್ನ ಮುಂದಿನ ಐದು ಮ್ಯಾಚ್‌ಗಳಲ್ಲಿ ಎರಡು ಗೆಲುವು, ಮೂರು ಸೋಲು. ಆದರೆ ತಿಂದದ್ದು 8 ಗೋಲು, 19 ಅಲ್ಲ. ಗೋಲು ತಿಂದ ಹದಿನೈದು ನಿಮಿಷದೊಳಗೆ ಬಿದ್ದದ್ದು ಒಂದೇ ಒಂದು.

ನಿಮ್ಮ ಮುಂದಿನ ಐದು ಮ್ಯಾಚಿನ ಕಾಗದ ಕಳಿಸಿ. ಮಗಳು ಹಾಕಿದ ಗೆರೆಗಳ ಲೆಕ್ಕವೂ ಇರಲಿ.